529.00 ಅಂಕಿಯ ಆ ಎರಡು ಸೊನ್ನೆ

ಮುಂಗಾರಿ ಹೆಸರಿನ ಇಳುವರಿ ಪಟ್ಟಿ ಮೊಬೈಲಿಗೆ ಬಂತು ಅಂದ್ರೆ ನಮ್ಮ ಸುಳ್ಳದಾಗ ಒಂದೆರಡು ದಿನ ಬೇರೆ ಮಾತೇ ಇರೋದಿಲ್ಲ. ಬೆಳೆ ವಿಮೆ ಬರ್ತದೋ ಇಲ್ಲೋ ಅನ್ನೋದು ಆ ಪಟ್ಟಿಯಲ್ಲೇ ಇರ್ತದೆ. ಒಂದು ಸಲ ಗುಡಿ ಕಟ್ಟೆ ಮೇಲೆ ಕುಂತಿದ್ದ ಹಿರಿಯರೊಬ್ಬರು ಕನ್ನಡಕ ಹಾಕಿಕೊಂಡು ಆ ಪಟ್ಟಿ ನೋಡ್ತಾ ನನ್ನನ್ನ ಕರೆದರು.

“ತಮ್ಮಾ, ನೀ ಪೇಪರಿನಾಂವ ಅದೀ, ಒಂದು ಹೇಳು. ನಮ್ಮೂರಿಗೆ 529 ಪಾಯಿಂಟ್ ಸೊನ್ನಿ ಸೊನ್ನಿ ಹಾಕ್ಯಾರ. ಬಾಜೂ ಊರಿಗೆ 531 ಪಾಯಿಂಟ್ ಸೊನ್ನಿ ಸೊನ್ನಿ. ಈ ಎರಡು ಸೊನ್ನಿ ಯಾಕ? ನಮ್ಮ ಹೊಲಾನ ಅಷ್ಟು ಸಣ್ಣ ತಕ್ಕಡ್ಯಾಗ ತೂಗ್ಯಾರೇನು?”

ಕೂತವರು ನಕ್ಕರು. ನಾನು ನಗಲಿಲ್ಲ. ಪ್ರಶ್ನೆ ಬಹಳ ಸರಿಯಾಗಿತ್ತು, ಉತ್ತರ ಕೊಡಾಕ ಒಂದು ಚಹಾದ ಹೊತ್ತು ಸಾಕಾಗೋದಿಲ್ಲ ಅನಿಸಿತು. ಅದಕ್ಕೇ ಇಲ್ಲಿ ಬರೀತಿದ್ದೇನೆ.

ಮೊದಲೇ ಒಂದು ಮಾತು. ಇಲ್ಲಿ ಬರುವ ಅಂಕಿ ಎಲ್ಲಾ ಲೆಕ್ಕ ತಿಳಿಯಲಿ ಅಂತ ನಾನೇ ಹೊಂದಿಸಿಕೊಂಡವು. ಯಾವ ವರ್ಷದ, ಯಾವ ಪಂಚಾಯ್ತಿಯ ಖರೇ ಪಟ್ಟಿಯೂ ಇದಲ್ಲ. ಆದರೆ ಲೆಕ್ಕ ಹಾಕುವ ದಾರಿ ಮಾತ್ರ ಖರೇನೇ. (ನಮ್ಮೂರ ಹೆಸರನ್ನ ಹೊರಗಿನವರು ‘ಸುಳ್ಳು’ ಅಂತ ಓದಿ ನಗೋದು ನಮಗೆ ಹೊಸದಲ್ಲ. ಹಾಗಾಗಿ ಇಷ್ಟು ಮೊದಲೇ ಹೇಳಿಬಿಟ್ಟರೆ ಚಲೋ.)

ಈ 529 ಎಲ್ಲಿಂದ ಬಂತು ಅಂತ ಮೊದಲು ನೋಡೋಣ. 2016ರ ಮುಂಗಾರಿನಿಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಇದೆ. ಇದರಲ್ಲಿ ಮುಖ್ಯ ಬೆಳೆಗಳಿಗೆ ಪಂಚಾಯ್ತಿ ಲೆಕ್ಕದಲ್ಲಿ ಇಳುವರಿ ಹಿಡೀತಾರೆ. ಪ್ರತಿ ರೈತನ ಹೊಲ ತೂಗೋದು ಆಗದ ಕೆಲಸ. ಅದಕ್ಕೆ ಪಂಚಾಯ್ತಿಗೆ ನಾಲ್ಕು ಹೊಲ ಆರಿಸಿ, ಪ್ರತಿ ಹೊಲದಲ್ಲಿ ಒಂದು ಸಣ್ಣ ತುಂಡು ಮಾತ್ರ ಕೊಯ್ದು ತೂಗ್ತಾರೆ. ಇದಕ್ಕೆ ‘ಬೆಳೆ ಕಟಾವು ಪ್ರಯೋಗ’ ಅಂತ ಹೆಸರು. ಯಾವ ಸರ್ವೆ ನಂಬರು, ಹೊಲದ ಯಾವ ಜಾಗ ಅನ್ನೋದನ್ನ ಯಾರೂ ಮನಸಿಗೆ ಬಂದಂತೆ ಆರಿಸೋ ಹಾಗಿಲ್ಲ, ಚೀಟಿ ಎತ್ತಿದ ಹಾಗೆ ಬಂದ ನಂಬರಿನ ಪ್ರಕಾರ ಹೋಗಬೇಕು. ಹೊಲದ ನೈಋತ್ಯ ಮೂಲೆಯಿಂದ ಇಷ್ಟು ಹೆಜ್ಜೆ ಉದ್ದಕ್ಕೆ, ಇಷ್ಟು ಹೆಜ್ಜೆ ಅಡ್ಡಕ್ಕೆ ಅಂತ ನಡೆದು ಅಲ್ಲಿ ಗೂಟ ಹೊಡೀತಾರೆ.

ಹೆಸರಿಗೆ ಆ ತುಂಡು 5 ಮೀಟರ್ ಉದ್ದ, 5 ಮೀಟರ್ ಅಗಲ. ನಾಲ್ಕು ಗೂಟ, ಸುತ್ತ ಹಗ್ಗ. ಮೂಲೆಯಿಂದ ಮೂಲೆಗೆ ಅಡ್ಡ ಅಳೆದರೆ 7.07 ಮೀಟರ್ ಬರಬೇಕು. ಬರಲಿಲ್ಲ ಅಂದ್ರೆ ಚೌಕ ಸೊಟ್ಟ ಇದೆ ಅಂತ ಅರ್ಥ. ಒಳಗಿನ ಬೆಳೆ ಕಿತ್ತು, ಒಣಗಿಸಿ, ಬಡಿದು, ತೂರಿ, ಕಾಳು ತೂಗಬೇಕು. 5 ಸಲ 5 ಅಂದ್ರೆ 25 ಚದರ ಮೀಟರ್. ಒಂದು ಹೆಕ್ಟೇರಿಗೆ 10,000 ಚದರ ಮೀಟರ್. ಅಂದ್ರೆ ಒಂದು ಹೆಕ್ಟೇರಿನಲ್ಲಿ ಇಂಥ 400 ತುಂಡು. ಬಂದ ತೂಕಕ್ಕೆ 400ರಿಂದ ಗುಣಿಸಿದರೆ ಹೆಕ್ಟೇರಿಗೆ ಎಷ್ಟು ಕೆಜಿ ಅಂತ ಸಿಗ್ತದೆ.

ನಾಲ್ಕು ಹೊಲದ ತೂಕ ಹೀಗೆ ಬಂತು ಅಂತ ಇಟ್ಟುಕೊಳ್ಳೋಣ: 1.12 ಕೆಜಿ, 1.86 ಕೆಜಿ, 0.74 ಕೆಜಿ, 1.57 ಕೆಜಿ. ಕೂಡಿಸಿದರೆ 5.29. ನಾಲ್ಕರಿಂದ ಭಾಗಿಸಿದರೆ 1.3225. ಅದಕ್ಕೆ 400ರ ಗುಣಾಕಾರ ಮಾಡಿದರೆ ಸರಿಯಾಗಿ 529. ಕಂಪ್ಯೂಟರಿನ ಪಟ್ಟಿಯಲ್ಲಿ ಆ ಕಾಲಮ್ಮಿಗೆ ಎರಡು ದಶಮಾಂಶ ಅಂತ ಮೊದಲೇ ಇಟ್ಟಿರ್ತಾರೆ, ಹಾಗಾಗಿ 529.00.

ಲೆಕ್ಕದಲ್ಲಿ ಒಂದು ತಪ್ಪೂ ಇಲ್ಲ. ಗುಣಾಕಾರ ಸರಿ, ಭಾಗಾಕಾರ ಸರಿ. ಆದರೂ ಆ ಎರಡು ಸೊನ್ನೆ ನಮಗೆ ಇಲ್ಲದ ಒಂದು ಮಾತು ಹೇಳ್ತಾವೆ. ಅಳತೆ ಮಾಡಿದ ಅಂಕಿಯಲ್ಲಿ ಪ್ರತಿ ಸ್ಥಾನವೂ ಒಂದು ಸಾಕ್ಷಿ ಇದ್ದ ಹಾಗೆ. 529 ಅಂತ ಬರೆದರೆ “ನಮಗೆ ಒಂದು ಕೆಜಿಯವರೆಗೆ ಗೊತ್ತು” ಅಂದ ಹಾಗೆ. 529.00 ಅಂತ ಬರೆದರೆ “ನಮಗೆ ಹತ್ತು ಗ್ರಾಮಿನವರೆಗೆ ಗೊತ್ತು” ಅಂದ ಹಾಗೆ. ಒಂದು ಇಡೀ ಹೆಕ್ಟೇರ್ ಎರೆ ಹೊಲ, ಅದರಲ್ಲೂ ಇಡೀ ಪಂಚಾಯ್ತಿಯ ಸರಾಸರಿ, ಹತ್ತು ಗ್ರಾಮಿನವರೆಗೆ! ಹಿರಿಯರು ಕೇಳಿದ್ದು ಇದನ್ನೇ.

ಡಿಪ್ಲೊಮಾ ಓದುವಾಗ ನಮಗೆ ಇದನ್ನ ಯಾರೂ ಹೇಳಿಕೊಡಲಿಲ್ಲ. ಪಿಯುಸಿ ಸೈನ್ಸ್ ಓದಿದವರಿಗೆ ‘ಸಾರ್ಥಕ ಅಂಕಿಗಳು’ ಅನ್ನೋ ಪಾಠ ನೆನಪಿರಬಹುದು. ಎಡದಿಂದ ಮೊದಲ ಸೊನ್ನೆಯಲ್ಲದ ಅಂಕಿಯಿಂದ ಎಣಿಸ್ತಾ ಹೋಗೋದು. 1.12ರಲ್ಲಿ ಮೂರು. 0.74ರಲ್ಲಿ ಎರಡೇ, ಯಾಕಂದ್ರೆ ಮುಂದಿನ ಸೊನ್ನೆ ಬರೀ ಜಾಗ ತೋರಿಸಾಕ ಇದೆ. ಅದೇ ತೂಕವನ್ನ 740 ಗ್ರಾಂ ಅಂದರೂ ತಿಳಿದದ್ದು ಹೆಚ್ಚಾಗೋದಿಲ್ಲ. ಪಾಠ ಇಷ್ಟೇ ಇರ್ತದೆ, ಪರೀಕ್ಷೆ ಮುಗಿದ ಮೇಲೆ ಮರೀತೇವೆ. ಎಷ್ಟು ಅಂಕಿಗೆ ಸಾಕ್ಷಿ ಇದೆ ಅಂತ ಹೊಲದಲ್ಲಿ ನಿಂತು ಹುಡುಕೋದು ಆ ಪಾಠದಲ್ಲಿ ಇರೋದಿಲ್ಲ.

ತಕ್ಕಡಿಯಿಂದ ಶುರು ಮಾಡೋಣ. ಹೊಲಕ್ಕೆ ತರುವ ತೂಗುವ ಯಂತ್ರ 10 ಗ್ರಾಮಿನ ಲೆಕ್ಕದಲ್ಲಿ ತೋರಿಸ್ತದೆ ಅಂತ ಹಿಡಿಯಿರಿ. 1.37 ತೋರಿಸ್ತದೆ, ಆಮೇಲೆ 1.38 ತೋರಿಸ್ತದೆ, ನಡುವಿನದು ಅದಕ್ಕೆ ಕಾಣೋದಿಲ್ಲ. 10 ಗ್ರಾಂ ಅಂದ್ರೆ ಏನೂ ಅಲ್ಲ, ಒಂದು ಚಿಟಿಕೆ ಕಾಳು. ಆದರೆ ಅದನ್ನ 400ರಿಂದ ಗುಣಿಸಿದರೆ 4 ಕೆಜಿ. ಹಾಗಾಗಿ ಒಂದೇ ಹೊಲದ ಇಳುವರಿ 544 ಆಗಬಹುದು, 548 ಆಗಬಹುದು, 552 ಆಗಬಹುದು. 546 ಬರಾಕ ದಾರಿಯೇ ಇಲ್ಲ. ನಾಲ್ಕು ಹೊಲದ ಸರಾಸರಿ ತೆಗೆದರೆ ಆ ಮೆಟ್ಟಿಲು 1 ಕೆಜಿಗೆ ಇಳೀತದೆ. ಅಂದ್ರೆ ಇಂಥ ತಕ್ಕಡಿಯಿಂದ, ನಾಲ್ಕು ಹೊಲದಿಂದ ಬರುವ ಸರಾಸರಿ ಯಾವಾಗಲೂ ಪೂರ್ಣ ಸಂಖ್ಯೆಯೇ. ಪಾಯಿಂಟ್ ಮುಂದೆ .00 ಬಿಟ್ಟು ಬೇರೆ ಏನೂ ಬರಲಾರದು.

ಇದನ್ನ ತಿಳಿದುಕೊಂಡರೆ ಒಂದು ಉಪಯೋಗ ಇದೆ. ಪಟ್ಟಿಯಲ್ಲಿ 491.97 ಅಂತ ಕಂಡರೆ, ಅದು ಸೀದಾ ತಕ್ಕಡಿಯಿಂದ ಬಂದದ್ದಲ್ಲ, ನಡುವೆ ಇನ್ನೊಂದು ಗುಣಾಕಾರ ಆಗಿದೆ ಅಂತ ಕೂಡಲೇ ಹೇಳಬಹುದು. ಹೆಚ್ಚಾಗಿ ಅದು ಒಣಗಿದ ಮೇಲಿನ ತೂಕದ ಲೆಕ್ಕ. ಹಸಿ ಇದ್ದಾಗ ತೂಗಿ, ಒಣಗಿದರೆ ನೂರಕ್ಕೆ 93 ಉಳೀತದೆ ಅಂತ ಹಿಡಿದು 529ನ್ನ 0.93ರಿಂದ ಗುಣಿಸಿದರೆ 491.97 ಬರ್ತದೆ. ಆ 93 ಎಷ್ಟು ಗಟ್ಟಿ? 92 ಇದ್ದರೆ 487, 94 ಇದ್ದರೆ 497. ನಮಗೆ ಗೊತ್ತಿರೋದು ಎರಡೇ ಅಂಕಿ. ಅದರಿಂದ ಗುಣಿಸಿ ಐದು ಅಂಕಿಯ ಉತ್ತರ ತೆಗೆದರೆ ಕೊನೆಯ ಮೂರು ಅಂಕಿಗೆ ಯಾರೂ ಜಾಮೀನು ಕೊಡಲಾರರು.

ಹಗ್ಗದ ಕತೆ ಇನ್ನೂ ದೊಡ್ಡದು. 400 ಅನ್ನೋದು ಪಕ್ಕಾ ಅಂಕಿ ಅಂತ ಅನಿಸ್ತದೆ, ಆದರೆ ತುಂಡು ಸರಿಯಾಗಿ 25 ಚದರ ಮೀಟರ್ ಇದ್ದರೆ ಮಾತ್ರ ಅದು ಪಕ್ಕಾ. ಎರಡೂ ಕಡೆ ಐದೈದು ಸೆಂಟಿಮೀಟರ್ ಹೆಚ್ಚಾಯ್ತು ಅನ್ನಿ, ಮೂರು ಬೆರಳ ಅಗಲ. ಎರೆ ಮಣ್ಣು ಹಸಿ ಇದ್ದಾಗ ಗೂಟ ಓರೆ ಆದರೆ, ಹಗ್ಗ ಜೋತು ಬಿದ್ದರೆ ಇಷ್ಟು ಆಗೋದು ದೊಡ್ಡ ಮಾತಲ್ಲ. ಆಗ ತುಂಡು 25.5 ಚದರ ಮೀಟರ್. ಗುಣಿಸಬೇಕಾದದ್ದು 400 ಅಲ್ಲ, 392. 1.37 ಕೆಜಿ ಕಾಳು ಬಂದಿದ್ದರೆ 548 ಅಂತ ಬರೆದದ್ದು ಖರೇ ನೋಡಿದರೆ 537. ಮೂರು ಬೆರಳಿಗೆ 11 ಕೆಜಿ ವ್ಯತ್ಯಾಸ. ಪಾಯಿಂಟ್ ಮುಂದಿನ ಸೊನ್ನೆಗಳು ಆಗಲೇ ಕೊಚ್ಚಿಕೊಂಡು ಹೋದವು, 9 ಅಂಕಿಯೂ ಹೋಯ್ತು.

ಇದರಲ್ಲಿ ಇನ್ನೊಂದು ಸಂಗತಿ ಇದೆ. ಹಗ್ಗದ ಮೇಲೇ ನಿಂತ ಗಿಡ ಒಳಗಿನದೋ ಹೊರಗಿನದೋ? ಕೊಯ್ಯುವವರ ಕೈ ತಾನಾಗಿ ಅದನ್ನ ಒಳಗೆ ಎಳೀತದೆ. 1940ರ ದಶಕದಲ್ಲಿ ನಮ್ಮ ದೇಶದಲ್ಲಿ ಈ ಕಟಾವು ಪ್ರಯೋಗದ ವಿಧಾನ ಕಟ್ಟಿದವರಲ್ಲಿ ಪಿ.ವಿ. ಸುಖಾತ್ಮೆ ಅನ್ನೋ ಸಂಖ್ಯಾಶಾಸ್ತ್ರಜ್ಞರು ಇದ್ದರು. ತುಂಡು ಬಹಳ ಸಣ್ಣದಾದಷ್ಟೂ ಇಳುವರಿ ಇದ್ದದ್ದಕ್ಕಿಂತ ಹೆಚ್ಚು ಬರ್ತದೆ ಅಂತ ಅವರು ಆಗಲೇ ತೋರಿಸಿದ್ದರು. ಸಣ್ಣ ತುಂಡಿಗೆ ಒಳಗಿನ ಜಾಗಕ್ಕಿಂತ ಅಂಚೇ ಹೆಚ್ಚು, ಅದೇ ಕಾರಣ. ಈ ಥರದ ತಪ್ಪು ಒಂದೇ ಕಡೆ ವಾಲಿದ ತಪ್ಪು. ಎಷ್ಟು ದಶಮಾಂಶ ಬರೆದರೂ ಅದು ಹೋಗೋದಿಲ್ಲ, ಅಂಕಿಗಳ ಹಿಂದೆ ಅಡಗಿ ಕೂಡ್ತದೆ ಅಷ್ಟೇ.

ಇಷ್ಟಾದರೂ ತಕ್ಕಡಿ, ಹಗ್ಗ ಎರಡೂ ಸಣ್ಣ ಮಾತು. ದೊಡ್ಡ ಮಾತು ಹೊಲಗಳದ್ದು.

ನಾಲ್ಕು ತೂಕವನ್ನ ಬೇರೆ ಬೇರೆ ಗುಣಿಸಿ ನೋಡಿ. ಮೊದಲ ಹೊಲ 448, ಎರಡನೆಯದು 744, ಮೂರನೆಯದು 296, ನಾಲ್ಕನೆಯದು 628. ಒಂದೇ ಊರಿನ ಹೊಲಗಳು! ಸುಳ್ಳದವರಿಗೆ ಇದರಲ್ಲಿ ಆಶ್ಚರ್ಯ ಏನಿಲ್ಲ. ಒಬ್ಬರು ಮಳೆಗೆ ಮೊದಲು ಬಿತ್ತಿರ್ತಾರೆ, ಇನ್ನೊಬ್ಬರು ವಾರ ತಡಮಾಡಿ ಬಿತ್ತಿರ್ತಾರೆ. ಒಬ್ಬರ ಹೊಲದಲ್ಲಿ ನೀರು ನಿಂತಿರ್ತದೆ. ಕಾಯಿ ಬಿಡಿಸೋ ಹೊತ್ತಿಗೆ ಜಿಟಿಜಿಟಿ ಮಳೆ ಹಿಡಿದರೆ ಒಂದು ಹೊಲದ ಕಾಳು ಮೊಳಕೆ ಒಡೆದಿರ್ತದೆ, ಪಕ್ಕದ ಹೊಲದವರು ಎರಡು ದಿನ ಮೊದಲು ಕಿತ್ತು ಬಚಾವ್ ಆಗಿರ್ತಾರೆ.

ಹೊಲಗಳು ಇಷ್ಟು ಬೇರೆ ಬೇರೆ ಇದ್ದಾಗ ನಾಲ್ಕರ ಸರಾಸರಿಯನ್ನ ಎಷ್ಟು ನಂಬಬಹುದು? ಇದಕ್ಕೆ ಸೂತ್ರ ಇದೆ. ಆದರೆ ಮೊಬೈಲಿನಲ್ಲೇ ಮಾಡಬಹುದಾದ ಒಂದು ಅಂದಾಜು ಸಾಕು. ದೊಡ್ಡದರಲ್ಲಿ ಸಣ್ಣದನ್ನ ಕಳೆಯಿರಿ, ಬಂದದ್ದನ್ನ ಹೊಲಗಳ ಸಂಖ್ಯೆಯಿಂದ ಭಾಗಿಸಿ. 744ರಲ್ಲಿ 296 ಕಳೆದರೆ 448, ನಾಲ್ಕರಿಂದ ಭಾಗಿಸಿದರೆ 112. ಸೂತ್ರ ಹಾಕಿ ನೋಡಿದರೆ 99 ಬರ್ತದೆ. ಎರಡನ್ನೂ ಸುಮಾರು 100 ಅನ್ನೋಣ. (ಈ ಅಂದಾಜು ನಾಲ್ಕೈದು ಅಥವಾ ಹತ್ತರವರೆಗಿನ ಅಳತೆಗೆ ನಡೀತದೆ, ನೂರು ಅಳತೆಗೆ ನಡೆಯೋದಿಲ್ಲ.) ಇದರ ಅರ್ಥ ಏನಂದ್ರೆ, ಅದೇ ವರ್ಷ, ಅದೇ ಊರಲ್ಲಿ ಚೀಟಿ ಬೇರೆ ನಾಲ್ಕು ಹೊಲಕ್ಕೆ ಬಿದ್ದಿದ್ದರೆ ಸರಾಸರಿ 430 ಬರಬಹುದಿತ್ತು, 630 ಬರಬಹುದಿತ್ತು, ಯಾರೂ ಹುಬ್ಬು ಏರಿಸಬೇಕಾಗಿರಲಿಲ್ಲ. 529ರಲ್ಲಿ ಆ 5 ಅಂಕಿಯೇ ಸ್ವಲ್ಪ ಅಲುಗಾಡ್ತಿದೆ. 2 ಮತ್ತು 9 ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಈಗ ಬಾಜೂ ಊರಿನ 531ಕ್ಕೆ ಬರೋಣ. ಪಟ್ಟಿ ಬಂದ ದಿನ ಕಟ್ಟೆ ಮೇಲೆ ಅದೇ ಜಗಳ: ಅವರ ಹೊಲ ನಮ್ಮದಕ್ಕಿಂತ ಚಲೋ ಅಂದ್ರೇನು, ಅವರ ಮಣ್ಣು ನಮಗೆ ಗೊತ್ತಿಲ್ಲೇನು ಅಂತ. ಎರಡು ಕೆಜಿ ಹೆಚ್ಚು ಕಡಿಮೆ. ಎರಡೂ ಅಂಕಿ ನೂರು ಕೆಜಿ ಆಕಡೆ ಈಕಡೆ ತೂಗಾಡುವಾಗ ಎರಡು ಕೆಜಿಯ ಹೋಲಿಕೆಗೆ ಅರ್ಥವೇ ಇಲ್ಲ. ಒಂದು ಕೆಜಿಯವರೆಗೆ ಗಟ್ಟಿ ಸರಾಸರಿ ಬೇಕು ಅಂದ್ರೆ ಎಷ್ಟು ಹೊಲದಲ್ಲಿ ಕಟಾವು ಮಾಡಬೇಕು ಅಂತ ಲೆಕ್ಕ ಹಾಕಿದೆ. ಹೊಲ ನಾಲ್ಕು ಪಟ್ಟು ಮಾಡಿದರೆ ಅನುಮಾನ ಅರ್ಧ ಆಗ್ತದೆ, ಅಷ್ಟೇ. ನೂರು ಕೆಜಿಯ ಅನುಮಾನವನ್ನ ಒಂದು ಕೆಜಿಗೆ ಇಳಿಸಬೇಕಾದರೆ ಹೊಲಗಳು ಹತ್ತು ಸಾವಿರ ಪಟ್ಟು ಬೇಕು. ನಾಲ್ಕರ ಹತ್ತು ಸಾವಿರ ಪಟ್ಟು, ಅಂದ್ರೆ 40 ಸಾವಿರ ಕಟಾವು. ನಮ್ಮ ಪಂಚಾಯ್ತಿಯಲ್ಲಿ ಅಷ್ಟು ಹೊಲ ಎಲ್ಲಿಂದ ತರೋದು?

ನಾನು ಸುದ್ದಿ ಕಳಿಸುವಾಗ “ಹೆಕ್ಟೇರಿಗೆ ಸುಮಾರು ಐದು ಕ್ವಿಂಟಲ್, ಹೊಲದಿಂದ ಹೊಲಕ್ಕೆ ಮೂರರಿಂದ ಏಳೂವರೆಯವರೆಗೆ” ಅಂತ ಬರೆದಿದ್ದೆ. ಡೆಸ್ಕಿನಿಂದ ಫೋನ್ ಬಂತು. “ಸುಮಾರು ಅಂತ ಯಾಕೆ ಬರೀತೀರಿ, ಪಟ್ಟಿಯಲ್ಲಿ ನಿಖರ ಅಂಕಿ ಇದೆಯಲ್ಲ” ಅಂದರು. ಅವರ ಕಷ್ಟವೂ ನನಗೆ ಗೊತ್ತು. ಪೇಪರಿನಲ್ಲಿ ‘ಸುಮಾರು’ ಅಂದ್ರೆ ವರದಿಗಾರ ಕೆಲಸ ಮಾಡಿಲ್ಲ ಅಂತ, 529.00 ಅಂದ್ರೆ ಆಫೀಸಿಗೆ ಹೋಗಿ ಕಾಗದ ನೋಡಿ ಬಂದಿದ್ದಾನೆ ಅಂತ. ನನ್ನ ಪ್ರಕಾರ ಇಲ್ಲಿ ‘ಸುಮಾರು’ ಅನ್ನೋದೇ ಹೆಚ್ಚು ಕೆಲಸದ ಮಾತು. ನಾಲ್ಕು ಹೊಲದ ತೂಕ ಬೇರೆ ಬೇರೆ ಕೇಳಿ ತಂದವನಿಗೆ ಮಾತ್ರ ಅದನ್ನ ಬರೆಯೋಕೆ ಬರ್ತದೆ.

ಕ್ವಿಂಟಲಿನಲ್ಲಿ ಹೇಳಿದ್ದಕ್ಕೂ ಕಾರಣ ಇದೆ. ‘500 ಕೆಜಿ’ ಅಂತ ಬರೆದರೆ ಆ ಎರಡು ಸೊನ್ನೆ ಅಳೆದದ್ದೋ, ಸುಮ್ಮನೆ ಜಾಗ ತುಂಬಿದ್ದೋ ಓದುವವರಿಗೆ ತಿಳಿಯೋದಿಲ್ಲ. ‘5 ಕ್ವಿಂಟಲ್’ ಅಂದರೆ ಒಂದೇ ಅಂಕಿ, ಒಂದೇ ಸಾಕ್ಷಿ. ‘5.3 ಕ್ವಿಂಟಲ್’ ಅಂದರೆ ಎರಡು. ನಮ್ಮ ಹಿರಿಯರು “ಎಕರೆಕ ಎರಡು ಚೀಲ ಆತು” ಅನ್ನೋದರಲ್ಲಿ ಎಷ್ಟು ಗೊತ್ತೋ ಅಷ್ಟೇ ಇರ್ತದೆ.

ಎಕರೆ ಅಂದ ಕೂಡಲೇ ಇನ್ನೊಂದು ಮೋಸ ನೆನಪಾಯ್ತು. ಒಂದು ಹೆಕ್ಟೇರಿಗೆ 2.471 ಎಕರೆ. 529ನ್ನ ಅದರಿಂದ ಭಾಗಿಸಿದರೆ ಮೊಬೈಲ್ 214.0833 ಅಂತ ಮುಂದೆ ಸಾಲು ಅಂಕಿ ತೋರಿಸ್ತದೆ. ಅಳತೆ ಬದಲಿಸಿದ್ದರಿಂದ ತಿಳಿವಳಿಕೆ ಹೆಚ್ಚಾಗಲಿಲ್ಲ, ಅಂಕಿ ಮಾತ್ರ ಹುಟ್ಟಿಕೊಂಡವು. ಇದರ ಬಹಳ ಹಳೆಯ ಉದಾಹರಣೆ ನಮ್ಮೆಲ್ಲರ ಮನೆಯ ಜ್ವರದ ಥರ್ಮಾಮೀಟರಿನಲ್ಲಿದೆ. 1868ರಲ್ಲಿ ವುಂಡರ್ಲಿಶ್ ಅನ್ನೋ ಜರ್ಮನ್ ಡಾಕ್ಟರು ಬಹಳ ಜನರ ಮೈ ಬಿಸಿ ಅಳೆದು ಆರೋಗ್ಯವಂತರದ್ದು 37 ಡಿಗ್ರಿ ಸೆಲ್ಸಿಯಸ್ ಅಂದರು. ಅದನ್ನ ಫ್ಯಾರನ್‌ಹೀಟಿಗೆ ಬದಲಿಸಿದಾಗ 98.6 ಬಂತು. 37 ಅಂದಾಗ ಸುಮಾರು ಅನಿಸಿದ್ದು 98.6 ಅಂದ ಕೂಡಲೇ ಶಾಸನ ಆಯ್ತು. 98.8 ತೋರಿಸಿದರೆ ಅವ್ವ ಇವತ್ತಿಗೂ ಕಷಾಯ ಕಾಸ್ತಾಳೆ. 1992ರಲ್ಲಿ ಅಮೆರಿಕದಲ್ಲಿ ಮತ್ತೆ ಅಳೆದು ನೋಡಿದಾಗ ಸರಾಸರಿ 98.2 ಬಂತು, ಅದೂ ಜನರಿಂದ ಜನರಿಗೆ, ಬೆಳಿಗ್ಗೆಯಿಂದ ಸಂಜೆಗೆ ಬದಲಾಗ್ತದೆ ಅಂತ ಕಂಡಿತು.

ಸರಿ, ಅಂಕಿ ಹೆಚ್ಚಾಗಿ ಬರೆದರೆ ಬರೆಯಲಿ, ನಮ್ಮ ಗಂಟೇನು ಹೋಯ್ತು ಅಂತ ಕೇಳಬಹುದು. ಗಂಟು ಹೋಗುವ ಜಾಗ ವಿಮೆಯ ಲೆಕ್ಕದಲ್ಲಿದೆ.

ವಿಮೆಯಲ್ಲಿ ಒಂದು ಗೆರೆ ಇರ್ತದೆ, ಕಾಗದದಲ್ಲಿ ಥ್ರೆಶೋಲ್ಡ್ ಇಳುವರಿ ಅಂತಾರೆ. ಹಿಂದಿನ ಏಳು ವರ್ಷಗಳಲ್ಲಿ ಚಲೋ ಐದು ವರ್ಷದ ಸರಾಸರಿ ಹಿಡಿದು, ಅದರಲ್ಲಿ ನೂರಕ್ಕೆ ಇಷ್ಟು ಅಂತ ಆ ಗೆರೆ ಎಳೀತಾರೆ. ಈ ವರ್ಷದ ಇಳುವರಿ ಗೆರೆಗಿಂತ ಕೆಳಗೆ ಬಂದರೆ, ಎಷ್ಟು ಕೆಳಗೆ ಬಂತೋ ಅದನ್ನ ಗೆರೆಯಿಂದ ಭಾಗಿಸಿ, ವಿಮೆ ಮೊತ್ತದಿಂದ ಗುಣಿಸ್ತಾರೆ. ಗೆರೆ 540 ಅನ್ನೋಣ, ವಿಮೆ ಮೊತ್ತ ಹೆಕ್ಟೇರಿಗೆ 30,000 ರೂಪಾಯಿ ಅನ್ನೋಣ. 540ರಲ್ಲಿ 529 ಕಳೆದರೆ 11. ಹನ್ನೊಂದನ್ನ 540ರಿಂದ ಭಾಗಿಸಿದರೆ ಮೊಬೈಲ್ 0.02037037 ಅಂತ ತೋರಿಸ್ತದೆ. ಪರಿಹಾರ 611 ರೂಪಾಯಿ 11 ಪೈಸೆ.

ಪೈಸೆಯವರೆಗೆ ಲೆಕ್ಕ! ನೋಡಿದವರಿಗೆ ಇದರಲ್ಲಿ ಒಂದಿಷ್ಟೂ ಅನುಮಾನ ಬರೋದಿಲ್ಲ. ಈಗ ನಾಲ್ಕನೆಯ ಹೊಲದ ತೂಕ 1.57 ಅಲ್ಲ, 200 ಗ್ರಾಂ ಕಡಿಮೆ, 1.37 ಬಂದಿತ್ತು ಅನ್ನಿ. ಒಂದು ಬೊಗಸೆ ಹೆಸರು. ಸರಾಸರಿ 509 ಆಗ್ತದೆ. ಗೆರೆಯಿಂದ 31 ಕಡಿಮೆ. ಪರಿಹಾರ 1,722 ರೂಪಾಯಿ. ಅದೇ ಬೊಗಸೆ ಹೆಚ್ಚು ಬಂದು 1.77 ಆಗಿದ್ದರೆ ಸರಾಸರಿ 549, ಗೆರೆಗಿಂತ ಮೇಲೆ, ಪರಿಹಾರ ಸೊನ್ನೆ. ಇಳುವರಿ ಅಂಕಿ ಬದಲಾದದ್ದು ನೂರಕ್ಕೆ ನಾಲ್ಕರಷ್ಟು. ಪರಿಹಾರ ಒಂದು ಕಡೆ ಮೂರು ಪಟ್ಟು ಹತ್ತಿರ ಹೋಯ್ತು, ಇನ್ನೊಂದು ಕಡೆ ಪೂರಾ ಇಲ್ಲವಾಯ್ತು.

ಇದು ಕಳೆಯುವ ಲೆಕ್ಕದ ಗುಣ. ಹತ್ತಿರ ಹತ್ತಿರದ ಎರಡು ದೊಡ್ಡ ಅಂಕಿಗಳಲ್ಲಿ ಒಂದನ್ನ ಇನ್ನೊಂದರಿಂದ ಕಳೆದರೆ, ಗಟ್ಟಿ ಇದ್ದ ಮುಂದಿನ ಅಂಕಿ ಒಂದಕ್ಕೊಂದು ಹೊಡೆದು ಹೋಗ್ತಾವೆ. ಉಳಿಯೋದು ಹಿಂದಿನ ಪೊಳ್ಳು ಅಂಕಿ ಮಾತ್ರ. 540ರ 5 ಮತ್ತು 529ರ 5 ಒಂದನ್ನೊಂದು ನುಂಗಿದವು. ಉಳಿದ 11, ಯಾವ ಸ್ಥಾನಗಳಿಗೆ ಸಾಕ್ಷಿ ಇಲ್ಲ ಅಂತ ನಾವು ಮೇಲೆ ನೋಡಿದೆವೋ ಅಲ್ಲಿಂದ ಬಂದದ್ದು. ಇನ್ನೂ ನೋಡಿದರೆ 540ರ ಗೆರೆಯೂ ಇಂಥ ಕಟಾವುಗಳಿಂದಲೇ ಬಂದದ್ದು, ಅದೂ ಅಲುಗಾಡ್ತದೆ. ಆಮೇಲೆ ಅದಕ್ಕೆ ಎಷ್ಟು ಭಾಗಾಕಾರ, ಗುಣಾಕಾರ ಮಾಡಿದರೂ ಮೊಬೈಲ್ ಹತ್ತು ಅಂಕಿ ತೋರಿಸ್ತದೆ. ಅದರ ಕೆಲಸ ಅದು ಮಾಡ್ತದೆ, ಹೊಲದಲ್ಲಿ ಏನಾಯ್ತು ಅಂತ ಅದಕ್ಕೇನು ಗೊತ್ತು.

ಹಾಗಾದರೆ ಪೊಳ್ಳು ಅಂಕಿ ಎಲ್ಲಾ ಮೊದಲೇ ಕಿತ್ತು ಹಾಕಿ, 529ನ್ನ 500 ಅಂತ ಮಾಡಿ ಲೆಕ್ಕ ಹಾಕಬಹುದಲ್ಲ ಅಂತ ಊರಿನ ಹುಡುಗನೊಬ್ಬ ಕೇಳಿದ. ಮಾಡಿ ನೋಡಿ: 540ರಲ್ಲಿ 500 ಹೋದರೆ 40, ಪರಿಹಾರ 2,222 ರೂಪಾಯಿ. ರೈತರಿಗೆ ಖುಷಿ. ಆದರೆ ಬೇರೆ ಊರಿನ 560 ಇದ್ದದ್ದು 600 ಆಗ್ತದೆ, 450 ಇದ್ದದ್ದು ಮೇಲೆ ಹೋಗಬೇಕೋ ಕೆಳಗೆ ಇಳಿಯಬೇಕೋ ಅಂತ ಜಗಳ ಆಗ್ತದೆ. 530 ಅಂತ ಮಾಡಿದರೆ 556 ರೂಪಾಯಿ, ಈ ಸಲ ರೈತರಿಗೆ ಲುಕ್ಸಾನು. ನಡುವೆ ದುಂಡಗೆ ಮಾಡಿದರೆ ಹೊಸ ತಪ್ಪು ಒಳಗೆ ಬರ್ತದೆ, ಅದೂ ನಮ್ಮ ಕೈಯಿಂದಲೇ. ಅದಕ್ಕೇ ಲೆಕ್ಕ ಮುಗಿಯುವವರೆಗೆ ಅಂಕಿಗಳನ್ನ ಹಾಗೇ ಇಟ್ಟುಕೊಂಡು ಹೋಗಿ, ಕೊನೆಗೆ ಒಂದೇ ಸಲ ದುಂಡಗೆ ಮಾಡಬೇಕು. ಹಣ ಹಂಚಾಕ ಒಂದು ಅಂಕಿ ಬೇಕೇ ಬೇಕು, ನಿಯಮ ಆ ಅಂಕಿ ತೆಗೆದುಕೊಳ್ತದೆ, ಅದರಲ್ಲಿ ತಪ್ಪಿಲ್ಲ. 611.11 ಅನ್ನೋದು ನಿಯಮ ಕೊಟ್ಟ ಉತ್ತರ. ಅದನ್ನೇ “ಈ ಊರಿನ ನಷ್ಟ ನೂರಕ್ಕೆ 2.04” ಅಂತ ಪೇಪರಿನಲ್ಲಿ, ಸಭೆಯಲ್ಲಿ ಹೇಳಿದಾಗ ಮಾತ್ರ ಅದು ಬೇರೆ ಮಾತಾಗ್ತದೆ. ಈ ನಾಲ್ಕು ಹೊಲದಿಂದ ಊರಿನ ನಷ್ಟದ ಬಗ್ಗೆ ಹೇಳಬಹುದಾದದ್ದು ಇಷ್ಟೇ: ಇಳುವರಿ ಗೆರೆಯ ಆಸುಪಾಸು ಇದೆ, ಮೇಲಿದೆಯೋ ಕೆಳಗಿದೆಯೋ ಗೊತ್ತಾಗೋದಿಲ್ಲ.

ಇದರಿಂದ ಅಧಿಕಾರಿಗಳೆಲ್ಲ ಸುಳ್ಳು ಬರೀತಾರೆ ಅಂತ ಯಾರೂ ತಿಳಿಯಬಾರದು. ಕಟಾವಿಗೆ ಬರುವವರು ಬಿಸಿಲಲ್ಲಿ ಹಗ್ಗ ಹಿಡಿದು, ಕಾಳು ತೂರಿ, ಫೋಟೊ ತೆಗೆದು ಆ್ಯಪಿಗೆ ಹಾಕಿ, ನೆಟ್‌ವರ್ಕ್ ಸಿಗದೆ ಒದ್ದಾಡಿ ಮಾಡುವ ಕೆಲಸ ಅದು. ನಾಲ್ಕು ಹೊಲದಿಂದ ಇಡೀ ಪಂಚಾಯ್ತಿ ಅಂದಾಜು ಮಾಡಬೇಕು ಅಂದ್ರೆ ಅನುಮಾನ ಉಳಿದೇ ಉಳೀತದೆ. ಇಳುವರಿ ಗೆರೆಗಿಂತ ಬಹಳ ಕೆಳಗೆ ಬಿದ್ದ ವರ್ಷ, ಸರಾಸರಿ 200 ಬಂತು ಅನ್ನಿ, ಆಗ ಈ ಅನುಮಾನ ಅಷ್ಟು ಕಾಡೋದಿಲ್ಲ. 540ರಲ್ಲಿ 200 ಹೋದರೆ 340, ಅಂಥ ವರ್ಷ ಎಲ್ಲಾ ಹೊಲವೂ ಕೆಟ್ಟಿರೋದರಿಂದ ತೂಕಗಳೂ ಅಷ್ಟು ಚೆಲ್ಲಾಪಿಲ್ಲಿ ಇರೋದಿಲ್ಲ. ಕಷ್ಟ ಇರೋದು ಗೆರೆಯ ಹತ್ತಿರ ನಿಂತ ವರ್ಷಗಳಲ್ಲಿ. ಕಟ್ಟೆ ಜಗಳ ಹೆಚ್ಚಾಗಿ ನಡೆಯೋದೂ ಅವೇ ವರ್ಷಗಳಲ್ಲಿ.

ನನ್ನ ಕೆಲಸದ ಮಟ್ಟಿಗೆ ನಾನೀಗ ಪಟ್ಟಿ ಬಂದಾಗ ಕೇಳೋದು ಸರಾಸರಿಯಲ್ಲ, ನಾಲ್ಕು ತೂಕ. ಗ್ರಾಮ ಆಡಳಿತ ಅಧಿಕಾರಿ ಇರಲಿ, ಕೃಷಿ ಇಲಾಖೆಯವರು ಇರಲಿ, ಕಟಾವು ಮಾಡಿದವರ ಹತ್ತಿರ ಆ ನಾಲ್ಕೂ ಬರೆದಿರ್ತದೆ. 1.12, 1.86, 0.74, 1.57 ಅಂತ ನೋಡಿದ ಕೂಡಲೇ ಸರಾಸರಿ ಎಷ್ಟು ಗಟ್ಟಿ ಅಂತ ಕಣ್ಣಿಗೇ ಕಾಣ್ತದೆ. ನಾಲ್ಕೂ 1.30, 1.35, 1.29, 1.35 ಇದ್ದರೂ ಸರಾಸರಿ ಅದೇ 529. ಆದರೆ ಆಗ ಅನುಮಾನ ಆರೇಳು ಕೆಜಿ ಮಾತ್ರ, 11 ಕೆಜಿ ಕಡಿಮೆ ಅನ್ನೋದಕ್ಕೂ ಸ್ವಲ್ಪ ತೂಕ ಬರ್ತದೆ. ಪಟ್ಟಿಯಲ್ಲಿ ಎರಡಕ್ಕೂ ಒಂದೇ 529.00.

ಶ್ರಾವಣದಲ್ಲಿ ಹೆಸರು ಕೀಳುವಾಗ ನಿಮ್ಮ ಹೊಲಕ್ಕೇ ಚೀಟಿ ಬಿದ್ದರೆ ಹೊಲದಲ್ಲೇ ನಿಂತು ನೋಡಿ. ಹಗ್ಗ ಕಟ್ಟಿದ ಮೇಲೆ ಮೂಲೆಯಿಂದ ಮೂಲೆಗೆ ಎರಡೂ ಕಡೆ 7.07 ಮೀಟರ್ ಬಂತೇ ಅಂತ ಕೇಳಿ. ಹಗ್ಗದ ಮೇಲಿನ ಗಿಡ ಯಾವ ಕಡೆ ಹೋಯ್ತು ಅಂತ ಗಮನಿಸಿ, ಬುಡ ಒಳಗಿದ್ದರೆ ಒಳಗೆ, ಹೊರಗಿದ್ದರೆ ಹೊರಗೆ. ಕಾಳು ಹಾಕುವ ಮೊದಲು ತಕ್ಕಡಿ ಸೊನ್ನೆಯಲ್ಲಿದೆಯೇ ನೋಡಿ. ಖಾಲಿ ಚೀಲವನ್ನೂ ಒಂದು ಸಲ ತೂಗಿಸಿ. ಚೀಲ 100 ಗ್ರಾಂ ಇದ್ದು ಅದನ್ನ ಕಳೆಯದೆ ಬಿಟ್ಟರೆ ನಿಮ್ಮ ಹೊಲದ ಲೆಕ್ಕದಲ್ಲಿ ಹೆಕ್ಟೇರಿಗೆ 40 ಕೆಜಿ, ಪಂಚಾಯ್ತಿ ಸರಾಸರಿಯಲ್ಲಿ 10 ಕೆಜಿ. ನಮ್ಮ ಲೆಕ್ಕದ 11 ಕೆಜಿ ಕೊರತೆಯಲ್ಲಿ ಒಂದೇ ಕೆಜಿ ಉಳೀತದೆ, 611 ರೂಪಾಯಿ ಬರಬೇಕಾದಲ್ಲಿ 56 ರೂಪಾಯಿ ಬರ್ತದೆ.